ಮಾರುಕಟ್ಟೆಯ ಹಸಿ ತ್ಯಾಜ್ಯದಲ್ಲಿ ಕಪ್ಪು ಸೈನಿಕ ನೊಣದ ಮರಿಹುಳು ಸಾಕಣೆ: ಕ್ರಮ ಮತ್ತು ಮಿತಿಗಳು

ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂದು ಹೆಸರಾಗಿರುವ ಕಪ್ಪು ಸೈನಿಕ ನೊಣದ ಮರಿಹುಳುಗಳನ್ನು ಕೋಳಿ ಮತ್ತು ಮೀನಿನ ಮೇವಿಗಾಗಿ ಸಾಕಲು ಹೊರಟವರಿಗೆ ಮೊದಲು ಕೇಳಸಿಗುವ ಲೆಕ್ಕವೆಂದರೆ, 100 ಕಿಲೋ ತ್ಯಾಜ್ಯ ಹಾಕಿದರೆ 20 ಕಿಲೋ ಹಸಿ ಹುಳು ಬರುತ್ತದೆ ಎಂಬುದು. ಅನ್ನ, ಬ್ರೆಡ್, ಬೇಯಿಸಿದ ಪದಾರ್ಥಗಳಿಂದ ಕೂಡಿದ ಅಡುಗೆಮನೆಯ ತ್ಯಾಜ್ಯಕ್ಕೆ ಈ ಲೆಕ್ಕ ಹತ್ತಿರ ಬರಬಹುದು. ತರಕಾರಿ ಮತ್ತು ಹಣ್ಣಿನ ಮಾರುಕಟ್ಟೆಯಲ್ಲಿ ಉಳಿಯುವ ತ್ಯಾಜ್ಯಕ್ಕೆ ಅದು ಹೊಂದುವುದಿಲ್ಲ. ಎಲೆಕೋಸಿನ ಹೊರ ಎಲೆ, ಕೊಳೆತ ಟೊಮೆಟೊ, ಸೌತೆಕಾಯಿ, ಕಲ್ಲಂಗಡಿ, ಸೊಪ್ಪು ಇವುಗಳ ತೂಕದಲ್ಲಿ ಸುಮಾರು 90 ಭಾಗ ನೀರೇ ಆಗಿರುವುದರಿಂದ, ಹುಳು ತಿನ್ನಬಲ್ಲ ಪದಾರ್ಥ ಇರುವುದು ಉಳಿದ 10 ಭಾಗದಲ್ಲಿ ಮಾತ್ರ. ಆದ್ದರಿಂದ ಈ ಸಾಕಣೆಯ ಪ್ರತಿಯೊಂದು ಹಂತವನ್ನೂ, ಅಂದರೆ ಎಷ್ಟು ಪೆಟ್ಟಿಗೆ ಬೇಕು, ಎಷ್ಟು ಹುಳು ಬಿಡಬೇಕು, ಕೊನೆಗೆ ಹುಳುವನ್ನು ಬೇರ್ಪಡಿಸುವುದು ಹೇಗೆ ಎಂಬುದನ್ನೆಲ್ಲ, ನೀರನ್ನು ಕಳೆದು ಉಳಿಯುವ ಒಣತೂಕದ ಲೆಕ್ಕದಲ್ಲಿಯೇ ನಿರ್ಧರಿಸಬೇಕು. ಈ ಲೇಖನದಲ್ಲಿ ದಿನಕ್ಕೆ 35 ಕಿಲೋ ಮಾರುಕಟ್ಟೆ ತ್ಯಾಜ್ಯವನ್ನು ಬಳಸುವ ಒಂದು ಸಣ್ಣ ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಹುಳುವಿನ ಬದುಕಿನ ಲಯ

ಮೊಟ್ಟೆ ಒಡೆಯಲು ಸುಮಾರು 4 ದಿನ ಬೇಕು. ಮರಿಹುಳು ಒಳ್ಳೆಯ ಮೇವು ಮತ್ತು 27ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಿಕ್ಕರೆ ಎರಡೂವರೆ ವಾರದೊಳಗೆ ಪೂರ್ಣ ಗಾತ್ರಕ್ಕೆ ಬೆಳೆದು, ಬಳಿಕ ಬಣ್ಣ ಕಪ್ಪಾಗಿ, ತಿನ್ನುವುದನ್ನು ನಿಲ್ಲಿಸಿ, ಒಣ ಜಾಗ ಹುಡುಕಿಕೊಂಡು ಮೇವಿನಿಂದ ಹೊರಗೆ ಹರಿಯುತ್ತದೆ. ಅದು ಕೋಶವಾಗಿ ಎರಡು ವಾರದ ಆಸುಪಾಸಿನಲ್ಲಿ ನೊಣ ಹೊರಬರುತ್ತದೆ. ನೊಣ ಬದುಕುವುದು ಒಂದು ವಾರ ಮಾತ್ರ. ಅದಕ್ಕೆ ನೀರು ಬೇಕೇ ಹೊರತು ಆಹಾರ ಬೇಡ. ಮನೆನೊಣದಂತೆ ಊಟದ ಮೇಲೆ ಕೂರುವ ಚಾಳಿ ಅದಕ್ಕಿಲ್ಲ. ಉಷ್ಣತೆ 20 ಡಿಗ್ರಿಗಿಂತ ಕೆಳಗೆ ಇಳಿದರೆ ಹುಳು ಸಾಯದಿದ್ದರೂ ಬೆಳವಣಿಗೆ ತೀರಾ ನಿಧಾನವಾಗುತ್ತದೆ. ತ್ಯಾಜ್ಯ ಮಾತ್ರ ಹಿಂದಿನ ವೇಗದಲ್ಲಿಯೇ ಬರುತ್ತಿರುತ್ತದೆ ಎಂಬುದನ್ನು ಘಟಕ ಯೋಜಿಸುವಾಗಲೇ ಗಮನದಲ್ಲಿ ಇಟ್ಟುಕೊಳ್ಳಬೇಕು.

ತ್ಯಾಜ್ಯವನ್ನು ಹದಗೊಳಿಸುವುದು

ತ್ಯಾಜ್ಯ ಬಂದ ದಿನವೇ ಅದನ್ನು ನೆಲದ ಮೇಲೆ ಹರಡಿ ಆರಿಸಬೇಕು. ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್, ಸೊಪ್ಪಿನ ಕಂತೆ ಕಟ್ಟಿದ ದಾರ, ಹಣ್ಣಿನ ಮೇಲಿನ ಸ್ಟಿಕ್ಕರ್ ಇವು ಕೊನೆಗೆ ಜರಡಿಯಲ್ಲಿ ಹುಳುವಿನ ಜೊತೆಗೇ ಉಳಿದು ಮೇವಿಗೆ ಸೇರುವುದರಿಂದ, ಈ ಕೆಲಸವನ್ನು ಮುಂದಿನ ಹಂತಕ್ಕೆ ಬಿಡುವಂತಿಲ್ಲ. ಕಿತ್ತಳೆ, ನಿಂಬೆ ಜಾತಿಯ ಸಿಪ್ಪೆ ಸ್ವಲ್ಪ ಪ್ರಮಾಣದಲ್ಲಿ ಇದ್ದರೆ ತೊಂದರೆಯಿಲ್ಲ, ಹೆಚ್ಚಾದರೆ ಹುಳು ಅದನ್ನು ಮುಟ್ಟುವುದು ತಡ. ಗಟ್ಟಿ ಬೀಜ, ಜೋಳದ ದಂಟು, ನಾರಿನ ಕಾಂಡಗಳನ್ನು ಹುಳು ತಿನ್ನುವುದಿಲ್ಲ. ಅವನ್ನು ನೇರವಾಗಿ ಕಾಂಪೋಸ್ಟ್ ಗುಂಡಿಗೆ ಹಾಕುವುದೇ ಲೇಸು. ಮೀನು ಮತ್ತು ಮಾಂಸದ ಅಂಗಡಿಗಳ ತ್ಯಾಜ್ಯವನ್ನು ಇದರಲ್ಲಿ ಬೆರೆಸಬಾರದು. ಅದಕ್ಕೆ ವಾಸನೆಗಿಂತ ಗಂಭೀರವಾದ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಆರಿಸಿದ ತ್ಯಾಜ್ಯವನ್ನು 1ರಿಂದ 2 ಸೆಂಟಿಮೀಟರ್ ಗಾತ್ರದ ತುಂಡುಗಳಾಗಿ ಕೊಚ್ಚಬೇಕು. ಹುಳುವಿಗೆ ಅಗಿಯುವ ಶಕ್ತಿ ಕಡಿಮೆಯಾದ್ದರಿಂದ ಇಡೀ ಎಲೆಕೋಸು ಹಾಕಿದರೆ ಅದು ಮೆತ್ತಗಾಗುವ ತನಕ ಹುಳು ಕಾಯಬೇಕಾಗುತ್ತದೆ. ಹಾಗೆಂದು ರುಬ್ಬಿದಂತೆ ನುಣ್ಣಗೆ ಮಾಡಿದರೆ ಅದು ಗಾಳಿಯಾಡದ ಕೆಸರಿನಂತೆ ಕುಳಿತು ಒಳಗೊಳಗೇ ಹುಳಿಯುತ್ತದೆ. ಕೊಚ್ಚಿದ್ದನ್ನು ತೂತುಗಳಿರುವ ಡ್ರಮ್‌ಗೆ ತುಂಬಿ, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಟ್ಟರೆ ಗಣನೀಯ ಪ್ರಮಾಣದ ನೀರು ತಾನಾಗಿಯೇ ಇಳಿಯುತ್ತದೆ. ಈ ನೀರನ್ನು ಚರಂಡಿಗೆ ಬಿಡದೆ ಕಾಂಪೋಸ್ಟ್ ರಾಶಿಗೆ ಸುರಿಯಬೇಕು, ಏಕೆಂದರೆ ಬೇಗ ಕೊಳೆಯುವ ಸಕ್ಕರೆಯ ಅಂಶ ಅದರಲ್ಲಿರುತ್ತದೆ.

ನಮ್ಮ ಉದಾಹರಣೆಯಲ್ಲಿ 35 ಕಿಲೋ ತ್ಯಾಜ್ಯದ ಒಣತೂಕ ಸುಮಾರು 3.5 ಕಿಲೋ. ಹಿಂಡಿದಾಗ 9 ಕಿಲೋದಷ್ಟು ನೀರು ಹೋಗಿ, ಜೊತೆಯಲ್ಲಿ ಸ್ವಲ್ಪ ಸಾರವೂ ಕರಗಿ ಹೋಗಿ, 26 ಕಿಲೋ ಉಳಿಯುತ್ತದೆ. ಅದರ ಒಣತೂಕ 3.3 ಕಿಲೋ. ಇಷ್ಟಾದರೂ ತೇವಾಂಶ ಶೇ. 87ರಷ್ಟಿದ್ದು, ಹುಳುವಿಗೆ ಹಿತವಾದ ಶೇ. 70ರಿಂದ 80ರ ಮಿತಿಯನ್ನು ಮೀರಿಯೇ ಇರುತ್ತದೆ. ಆದ್ದರಿಂದ ಒಣ ಪದಾರ್ಥ ಬೆರೆಸುವುದು ಅನಿವಾರ್ಯ. 4 ಕಿಲೋ ತೌಡು ಬೆರೆಸಿದರೆ ಒಟ್ಟು 30 ಕಿಲೋ ಮಿಶ್ರಣವಾಗಿ, ಒಣತೂಕ 6.8 ಕಿಲೋಗೆ ಏರಿ, ತೇವಾಂಶ ಶೇ. 77ಕ್ಕೆ ಇಳಿಯುತ್ತದೆ. ತೂಕಮಾಡದೆ ಹದ ನೋಡಬೇಕಾದಾಗ ಒಂದು ಹಿಡಿ ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಬೇಕು. ಬೆರಳ ಸಂದಿಯಿಂದ ಕೆಲವೇ ಹನಿಗಳು ಮೂಡಿದರೆ ಹದ ಸರಿಯಿದೆ ಎಂದರ್ಥ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಒಣ ಪದಾರ್ಥ ಬೇಕು. ಹಿಂಡಿದ ಉಂಡೆ ಕೈಬಿಟ್ಟೊಡನೆ ಪುಡಿಯಾದರೆ ಒಣಗು ಹೆಚ್ಚಾಗಿದೆ.

ಯಾರೂ ಹೆಚ್ಚಾಗಿ ಬಾಯಿಬಿಟ್ಟು ಹೇಳದ ಒಂದು ಲೆಕ್ಕ ಇಲ್ಲಿಯೇ ಇದೆ. 4 ಕಿಲೋ ತೌಡಿನಲ್ಲಿ ಸುಮಾರು ಅರ್ಧ ಕಿಲೋದಷ್ಟು ಪ್ರೋಟೀನ್ ಇರುತ್ತದೆ. ಈ ಮಿಶ್ರಣದಿಂದ ಕೊನೆಗೆ ಸಿಗುವ ಒಣ ಹುಳು ಸುಮಾರು 1 ಕಿಲೋ, ಅದರ ಪ್ರೋಟೀನ್ 400 ಗ್ರಾಂ ಆಸುಪಾಸು. ಅಂದರೆ ತೌಡಿನ ಮೂಲಕ ಒಳಗೆ ಹೋದ ಪ್ರೋಟೀನ್, ಹುಳುವಿನ ಮೂಲಕ ಹೊರಬಂದ ಪ್ರೋಟೀನಿಗಿಂತ ಕಡಿಮೆಯೇನಲ್ಲ. ಹುಳುವಿನ ಪ್ರೋಟೀನ್ ಗುಣದಲ್ಲಿ ಮೇಲು ಎಂಬುದು ನಿಜ. ಆದರೂ ಕೋಳಿಗೆ ನೇರವಾಗಿ ಹಾಕಬಹುದಾದ ತೌಡನ್ನು ಕೊಂಡು ತಂದು ಹುಳುವಿಗೆ ಹಾಕುವುದಾದರೆ, ಘಟಕವು ತ್ಯಾಜ್ಯ ವಿಲೇವಾರಿಯ ವ್ಯವಸ್ಥೆಯಾಗಿ ಉಳಿಯುತ್ತದೆಯೇ ಹೊರತು ಮೇವಿನ ಉತ್ಪಾದನೆಯಾಗುವುದಿಲ್ಲ. ಆದ್ದರಿಂದ ಒಣ ಪದಾರ್ಥವೂ ತ್ಯಾಜ್ಯವೇ ಆಗಿರುವಂತೆ ನೋಡಿಕೊಳ್ಳಬೇಕು: ಬೇಕರಿಯಲ್ಲಿ ಉಳಿದ ಬ್ರೆಡ್ ಮತ್ತು ಬಿಸ್ಕತ್ತಿನ ಪುಡಿ, ಹಿಟ್ಟಿನ ಗಿರಣಿಯಲ್ಲಿ ಗುಡಿಸಿದ ಹಿಟ್ಟು, ದಿನಸಿ ಅಂಗಡಿಯ ಕಾಳಿನ ನುಚ್ಚು ಇಂಥವು. ಇವು ಸಿಗದಿದ್ದಾಗ ಮಾತ್ರ ತೌಡು. ತೆಂಗಿನ ನಾರಿನ ಪುಡಿ ನೀರನ್ನೇನೋ ಹೀರುತ್ತದೆ, ಆದರೆ ಹುಳುವಿಗೆ ಅದರಿಂದ ಆಹಾರ ಸಿಗುವುದಿಲ್ಲ.

ಪೆಟ್ಟಿಗೆ, ಹುಳುವಿನ ಸಂಖ್ಯೆ ಮತ್ತು ಮೇವಿಡುವ ಕ್ರಮ

60 ಸೆಂಟಿಮೀಟರ್ ಉದ್ದ, 40 ಅಗಲ, 17ರಷ್ಟು ಎತ್ತರದ ಸಾಮಾನ್ಯ ಪ್ಲಾಸ್ಟಿಕ್ ಕ್ರೇಟ್ ಈ ಕೆಲಸಕ್ಕೆ ಸಾಕು. ತಳದಲ್ಲಾಗಲಿ ಪಕ್ಕದಲ್ಲಾಗಲಿ ತೂತು ಇರಬಾರದು. ಇಂಥ ಒಂದು ಪೆಟ್ಟಿಗೆಗೆ 5 ದಿನ ವಯಸ್ಸಿನ 10,000 ಹುಳುಗಳನ್ನು ಬಿಟ್ಟು, 12 ದಿನಗಳಲ್ಲಿ ಒಟ್ಟು 15 ಕಿಲೋ ಮಿಶ್ರಣ ಉಣಿಸುವುದು ಚೆನ್ನಾಗಿ ರೂಢಿಯಲ್ಲಿರುವ ಪ್ರಮಾಣ. 15 ಕಿಲೋವನ್ನು ಒಂದೇ ಸಲ ಸುರಿಯದೆ 1ನೇ, 5ನೇ ಮತ್ತು 8ನೇ ದಿನಗಳಲ್ಲಿ ತಲಾ 5 ಕಿಲೋದಂತೆ ಹಾಕಬೇಕು. ಪೆಟ್ಟಿಗೆಯೊಳಗಿನ ಪದರ ಯಾವತ್ತೂ 5 ಸೆಂಟಿಮೀಟರ್ ದಾಟಬಾರದು, ಏಕೆಂದರೆ ಅದಕ್ಕಿಂತ ಆಳಕ್ಕೆ ಗಾಳಿ ಇಳಿಯುವುದಿಲ್ಲ. ತಳದಲ್ಲಿ ಉಳಿದ ಮೇವು ಹುಳಿಯುತ್ತದೆ, ಹುಳುಗಳೆಲ್ಲ ಮೇಲಕ್ಕೆ ಬರುತ್ತವೆ.

ದಿನಕ್ಕೆ 30 ಕಿಲೋ ಮಿಶ್ರಣವೆಂದರೆ ಪ್ರತಿದಿನ 2 ಹೊಸ ಪೆಟ್ಟಿಗೆಗಳನ್ನು ಆರಂಭಿಸಬೇಕು. ಅವು 12 ದಿನ ಉಳಿಯುವುದರಿಂದ ಯಾವಾಗಲೂ 24 ಪೆಟ್ಟಿಗೆಗಳು ಬಳಕೆಯಲ್ಲಿರುತ್ತವೆ. ತೊಳೆದು ಒಣಗಿಸಲು ಇನ್ನೂ ಐದಾರು ಕೈಯಲ್ಲಿರಬೇಕು. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುವುದಾದರೆ ನಡುವೆ ಗಾಳಿಯಾಡಲು ಮರದ ಪಟ್ಟಿಗಳನ್ನು ಇಡಬೇಕು. ಬೆಳೆದ ಹುಳುಗಳು ತಾವೇ ಶಾಖ ಉಂಟುಮಾಡುತ್ತವೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೊನೆಯ ನಾಲ್ಕೈದು ದಿನ ಪೆಟ್ಟಿಗೆಯೊಳಗಿನ ಉಷ್ಣತೆ 40 ಡಿಗ್ರಿ ದಾಟಿಬಿಡಬಹುದು, ಆಗ ಹುಳುಗಳು ತಿನ್ನುವುದನ್ನು ಬಿಟ್ಟು ಗೋಡೆ ಹತ್ತುತ್ತವೆ. ಗೋಡೆ ಹತ್ತಲು ಅವಕ್ಕೆ ತೇವ ಬೇಕು. ಪೆಟ್ಟಿಗೆಯ ಒಳಗೋಡೆ ಒಣಗಿದ್ದರೆ ಅವು ಜಾರಿ ಬೀಳುತ್ತವೆ. ಹೀಗಾಗಿ ಹುಳು ಹೊರಬಂದ ಬೆಳಿಗ್ಗೆ ಮೊದಲು ನೋಡಬೇಕಾದದ್ದು ಗೋಡೆಯ ಮೇಲಿನ ನೀರಿನ ಹನಿಗಳನ್ನು. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡದಿದ್ದರೆ ಇರುವೆಗಳ ಸಾಲು ಬರುವುದು ಖಚಿತ. ಇಲಿ, ಹಲ್ಲಿ, ಹಕ್ಕಿಗಳಿಗೆ ಜಾಲರಿ ಸಾಕು.

ಪೆಟ್ಟಿಗೆಯ ಸ್ಥಿತಿಯನ್ನು ಮೂಗು ಮತ್ತು ಕಿವಿಯಿಂದಲೇ ತಿಳಿಯಬಹುದು. ಆರೋಗ್ಯವಾಗಿರುವ ಪೆಟ್ಟಿಗೆಯಲ್ಲಿ ಒದ್ದೆ ಮಣ್ಣಿನಂಥ ವಾಸನೆಯೂ, ಹತ್ತಿರ ಬಾಗಿದರೆ ಸಣ್ಣ ಮಳೆ ಬಿದ್ದಂತೆ ಹುಳುಗಳು ಚಲಿಸುವ ಸದ್ದೂ ಇರುತ್ತದೆ. ಹುಳಿ ವಾಸನೆ ಬಂದರೆ ಮೇವು ಹೆಚ್ಚಾಗಿದೆ ಅಥವಾ ನೀರು ಹೆಚ್ಚಾಗಿದೆ. ಮುಂದಿನ ಮೇವನ್ನು ಒಂದು ದಿನ ತಡೆದು, ಪದರವನ್ನು ಕೈಯಿಂದ ಸಡಿಲಿಸಿ, ಒಣ ಪುಡಿ ಉದುರಿಸಬೇಕು. ಮನೆನೊಣಗಳು ಮುತ್ತುತ್ತಿದ್ದರೆ ಮೇವು ತಿನ್ನಲಾಗದೆ ಉಳಿದಿದೆ ಎಂದೇ ಅರ್ಥ. ಆಗ ಹುಳುವಿನ ಸಂಖ್ಯೆ ನಿಜವಾಗಿ 10,000 ಇದೆಯೇ ಎಂದು ಅನುಮಾನಿಸಬೇಕು. ಮೇವಿನ ಮೇಲೆ ಹುಳುಗಳು ರಾಶಿಯಾಗಿ ಸತ್ತು ಬಿದ್ದಿದ್ದರೆ ಕೀಟನಾಶಕದ ಅಂಶವಿರುವ ಸೊಪ್ಪು ಬಂದಿರಬಹುದು. ಹೊಸ ಮೂಲದ ತ್ಯಾಜ್ಯವನ್ನು ಮೊದಲು ಒಂದೇ ಪೆಟ್ಟಿಗೆಗೆ ಹಾಕಿ ಎರಡು ದಿನ ನೋಡುವ ಅಭ್ಯಾಸವಿದ್ದರೆ ನಷ್ಟ ಆ ಒಂದು ಪೆಟ್ಟಿಗೆಗೇ ನಿಲ್ಲುತ್ತದೆ.

ಮೊಟ್ಟೆ ಮತ್ತು ಎಳೆ ಹುಳು

ಎಳೆ ಹುಳುಗಳನ್ನು ಮೊದಲ 5 ದಿನ ಮಾರುಕಟ್ಟೆ ತ್ಯಾಜ್ಯಕ್ಕೆ ಬಿಡಬಾರದು. ಕೋಳಿಮರಿಗಳ ಸ್ಟಾರ್ಟರ್ ಆಹಾರವನ್ನು ಅದರ ತೂಕದ ಎರಡರಷ್ಟು ನೀರಿನಲ್ಲಿ ಕಲಸಿ, ಅದರ ಮೇಲೆ ಜಾಲರಿ ಇಟ್ಟು, ಜಾಲರಿಯ ಮೇಲೆ ಮೊಟ್ಟೆಗಳನ್ನು ಇರಿಸಿದರೆ, ಹೊರಬಂದ ಹುಳುಗಳು ತಾವಾಗಿ ಕೆಳಗಿನ ಮೇವಿಗೆ ಬೀಳುತ್ತವೆ. ಮೊಟ್ಟೆಗೆ ನೀರು ತಾಗಬಾರದು. ಒಂದು ಗ್ರಾಂ ಮೊಟ್ಟೆಯಲ್ಲಿ ಸುಮಾರು 40,000 ಮೊಟ್ಟೆಗಳಿರುತ್ತವೆ. ಒಡೆಯದೆ ಉಳಿದವು, ಸತ್ತವು ಎಲ್ಲ ಕಳೆದು ಅರ್ಧದಷ್ಟು 5ನೇ ದಿನ ತಲುಪುತ್ತವೆ ಎಂದು ಇಟ್ಟುಕೊಂಡರೆ, ನಮ್ಮ ದಿನದ 2 ಪೆಟ್ಟಿಗೆಗೆ ಬೇಕಾದ 20,000 ಹುಳು ಒಂದು ಗ್ರಾಂ ಮೊಟ್ಟೆಯಿಂದ ಬರುತ್ತದೆ. ಎಣಿಕೆಗೆ, ಸಣ್ಣ ಜರಡಿಯಲ್ಲಿ ಬೇರ್ಪಡಿಸಿದ ಹುಳುಗಳಲ್ಲಿ ಒಂದೆರಡು ಗ್ರಾಂ ತೂಗಿ, ಎಣಿಸಿ, ಒಟ್ಟು ತೂಕಕ್ಕೆ ಗುಣಿಸಿದರಾಯಿತು. ಬೇಸರದ ಕೆಲಸವೇ ಆದರೂ ಇದನ್ನು ಬಿಟ್ಟವರ ಪೆಟ್ಟಿಗೆಗಳಲ್ಲಿ ಒಂದರಲ್ಲಿ ಮೇವು ಕೊಳೆಯುತ್ತಿರುತ್ತದೆ, ಪಕ್ಕದ್ದರಲ್ಲಿ ಹುಳು ಹಸಿದಿರುತ್ತದೆ.

ಮೊಟ್ಟೆಯನ್ನು ಕೊಂಡು ತರುವುದಾದರೆ ಕೆಲಸ ಅರ್ಧ ಕಡಿಮೆ. ತಾವೇ ಪಡೆಯುವುದಾದರೆ ದಿನದ 20,000 ಹುಳುಗಳಲ್ಲಿ 400ರಷ್ಟನ್ನು ಕೊಯ್ಲು ಮಾಡದೆ ಕಪ್ಪಾಗಲು ಬಿಟ್ಟು, ಕತ್ತಲಿನ ಒಣ ಜಾಗದಲ್ಲಿ ಕೋಶ ಕಟ್ಟಿಸಬೇಕು. ನೊಣಗಳ ಸೊಳ್ಳೆಪರದೆಯ ಪಂಜರಕ್ಕೆ ಬಿಸಿಲಿನ ಬೆಳಕು ಬೀಳಲೇಬೇಕು, ಏಕೆಂದರೆ ಸಾಮಾನ್ಯ ಕೋಣೆಯ ದೀಪದಲ್ಲಿ ಅವು ಕೂಡುವುದು ವಿರಳ. ಕೊಳೆತ ಹಣ್ಣು ತುಂಬಿದ ಡಬ್ಬಿಯ ಮೇಲೆ, ಒಂದೆರಡು ಮಿಲಿಮೀಟರ್ ಸಂದಿ ಇರುವಂತೆ ಕಟ್ಟಿದ ತೆಳು ಮರದ ಪಟ್ಟಿಗಳನ್ನು ಇಟ್ಟರೆ ಆ ಸಂದಿಯಲ್ಲಿ ಹೆಣ್ಣು ನೊಣ ಮೊಟ್ಟೆ ಇಡುತ್ತದೆ. ಒದ್ದೆ ಬಟ್ಟೆಯೊಂದು ಕುಡಿಯುವ ನೀರಿಗೆ. ಮೋಡ ಕವಿದ ವಾರದಲ್ಲಿ ಮೊಟ್ಟೆ ಇಳಿದುಹೋಗುತ್ತದೆ. ಅದರ ಪರಿಣಾಮ ಮೂರು ವಾರದ ಬಳಿಕ ಕೊಯ್ಲಿನಲ್ಲಿ ಕಾಣುತ್ತದೆ.

ಕೊಯ್ಲು

ಪೆಟ್ಟಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಹುಳು ಕಾಣಿಸಿದ ದಿನವೇ ಕೊಯ್ಲಿನ ದಿನ. ಬಿಳಿಯಾಗಿರುವಾಗ ಹುಳು ಮೆತ್ತಗಿರುತ್ತದೆ. ಕಪ್ಪಾದಂತೆ ಹೊರಚರ್ಮ ಗಡುಸಾಗಿ ಜೀರ್ಣವಾಗದ ಕೈಟಿನ್ ಹೆಚ್ಚುತ್ತದೆ. ಮೂರರಿಂದ ಐದು ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಆಡಿಸಿದರೆ ಒಣ ಹಿಕ್ಕೆ ಕೆಳಗೆ ಬಿದ್ದು ಹುಳು ಮೇಲೆ ಉಳಿಯಬೇಕು. ಮಾರುಕಟ್ಟೆ ತ್ಯಾಜ್ಯದ ಘಟಕಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಪೆಟ್ಟಿಗೆಯಲ್ಲಿ ಇನ್ನೂ ನೀರಿದ್ದರೆ ಹಿಕ್ಕೆ ಕೆಸರಾಗಿ ಜರಡಿಯ ಕಣ್ಣುಗಳನ್ನು ಮುಚ್ಚುತ್ತದೆ, ಹುಳುಗಳು ಅದರೊಳಗೆ ಹುದುಗಿಯೇ ಉಳಿಯುತ್ತವೆ. ಹೀಗಾದ ಮೇಲೆ ಒಣ ಪುಡಿ ಬೆರೆಸಿ ಸರಿಪಡಿಸಲು ಬಹಳ ಪುಡಿ ಬೇಕಾಗುತ್ತದೆ. ಆರಂಭದ ಹದವೇ ಸರಿಯಿದ್ದು, 8ನೇ ದಿನದ ಬಳಿಕ ಮೇವು ಹಾಕದೆ, ಪೆಟ್ಟಿಗೆಗಳ ಮೇಲೆ ಫ್ಯಾನಿನ ಗಾಳಿ ಆಡಿಸಿದರೆ ಹುಳುಗಳ ಶಾಖವೇ ಉಳಿದ ನೀರನ್ನು ಆರಿಸುತ್ತದೆ. ಮುಷ್ಟಿಯಲ್ಲಿ ಹಿಡಿದ ಹಿಕ್ಕೆ ಒದ್ದೆ ಕಾಫಿಪುಡಿಯ ಹದಕ್ಕೆ ಬಂದರೆ ಜರಡಿ ಹಿಡಿಯಬಹುದು. ಅದೂ ಸಾಧ್ಯವಾಗದ ಪೆಟ್ಟಿಗೆಯಲ್ಲಿ ಇಳಿಜಾರಾದ ಹಲಗೆ ಇಟ್ಟು, ಹುಳುಗಳು ಕಪ್ಪಾಗಿ ತಾವೇ ಹತ್ತಿ ಹೊರಗಿನ ಬಕೆಟ್ಟಿಗೆ ಬೀಳುವ ತನಕ ಕಾಯಬೇಕು. ಅವನ್ನು ನೊಣದ ಪಂಜರಕ್ಕೆ ಬಳಸುವುದು ಉತ್ತಮ.

ಎಲ್ಲ ಸರಿಯಾಗಿ ನಡೆದರೆ ಪೆಟ್ಟಿಗೆಗೆ ಸುಮಾರು 1.7 ಕಿಲೋ, ಎರಡು ಪೆಟ್ಟಿಗೆ ಸೇರಿ 3.4 ಕಿಲೋ ಹಸಿ ಹುಳು, ಅಂದರೆ 1 ಕಿಲೋ ಒಣ ಹುಳು ದಿನಕ್ಕೆ ದೊರೆಯುತ್ತದೆ. ಒಣತೂಕದಲ್ಲಿ ಇದು ಉಣಿಸಿದ್ದರ ಶೇ. 15ರಷ್ಟು. ಒಣ ಪದಾರ್ಥ ಬೆರೆಸದೆ ಬರೀ ತರಕಾರಿ ತ್ಯಾಜ್ಯ ಉಣಿಸಿದರೆ ಇದರ ಅರ್ಧವೂ ಬರುವುದಿಲ್ಲ.

ಮೇವಾಗಿ ಬಳಸುವಾಗ

ಸ್ವಂತ ಕೋಳಿಗಳಿಗಾದರೆ ಹುಳುವನ್ನು ಒಂದು ದಿನ ಸ್ವಚ್ಛವಾದ ಒಣ ತೌಡಿನಲ್ಲಿ ಬಿಟ್ಟು, ಕರುಳು ಖಾಲಿಯಾದ ಮೇಲೆ ತೊಳೆದು ಬಳಸಬೇಕು. ಹುಳು ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾವನ್ನು ಹೊತ್ತು ಬರಬಲ್ಲದು, ಆದ್ದರಿಂದ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯುವುದು ಸುರಕ್ಷಿತ. ಒಣಗಿಸುವುದಾದರೆ ಈ ಹಂತ ಕಡ್ಡಾಯ. ಇಲ್ಲವಾದರೆ ಹುಳು ಕಪ್ಪಾಗುತ್ತದೆ, ಒಳಗಿನ ಕೊಬ್ಬು ಬೇಗ ಕಮಟುತ್ತದೆ. ಒಣಗಿದ ಹುಳುವನ್ನು ಬೆರಳುಗಳ ನಡುವೆ ಒತ್ತಿದರೆ ಅದು ಬಾಗದೆ ಪುಡಿಯಾಗಬೇಕು. ಮಧ್ಯದಲ್ಲಿ ಮೆತ್ತಗಿದ್ದರೆ ಡಬ್ಬಿಯಲ್ಲಿ ಬೂಸ್ಟು ಹಿಡಿಯುತ್ತದೆ.

100 ಮೊಟ್ಟೆಕೋಳಿಗಳು ದಿನಕ್ಕೆ ಸುಮಾರು 11 ಕಿಲೋ ಮೇವು ತಿನ್ನುತ್ತವೆ. ನಮ್ಮ ಘಟಕದ 1 ಕಿಲೋ ಒಣ ಹುಳು ಅದರ ಹತ್ತನೇ ಒಂದು ಭಾಗದಷ್ಟು. ಇದು ಸರಿಯಾದ ಪ್ರಮಾಣವೂ ಹೌದು. ಹುಳುವಿನಲ್ಲಿ ಕೊಬ್ಬು ಶೇ. 30ರ ಆಸುಪಾಸು ಇರುತ್ತದೆ, ಕ್ಯಾಲ್ಸಿಯಂ ಕೂಡ ಹೆಚ್ಚು. ಆದ್ದರಿಂದ ಮೇವಿನ ದೊಡ್ಡ ಪಾಲನ್ನು ಹುಳುವಿಗೆ ಬದಲಿಸಿದರೆ ಕೋಳಿಯ ಆಹಾರದ ಸಮತೋಲ ತಪ್ಪುತ್ತದೆ. ಬೆಳೆಯುವ ಮರಿಗಳಿಗೆ ಇನ್ನೂ ಕಡಿಮೆ ಹಾಕಬೇಕು, ಏಕೆಂದರೆ ಮೊಟ್ಟೆಯ ಚಿಪ್ಪಿಗೆ ಬೇಕಾಗುವಷ್ಟು ಕ್ಯಾಲ್ಸಿಯಂ ಅವಕ್ಕೆ ಬೇಡ.

ಏನನ್ನು ಉಣಿಸಬಾರದು

ಹುಳು ಎಲ್ಲವನ್ನೂ ಶುದ್ಧಿಮಾಡುತ್ತದೆ ಎಂಬ ನಂಬಿಕೆ ತಪ್ಪು. ಬೂಸ್ಟಿನ ವಿಷಗಳಲ್ಲಿ ಅಫ್ಲಾಟಾಕ್ಸಿನ್ ಹುಳುವಿನ ದೇಹದಲ್ಲಿ ಸಂಗ್ರಹವಾಗುವುದಿಲ್ಲ ಎಂದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಕ್ಯಾಡ್ಮಿಯಂ ಎಂಬ ಭಾರಲೋಹದ ವಿಷಯದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ: ಮೇವಿನಲ್ಲಿರುವುದಕ್ಕಿಂತ ಹೆಚ್ಚಿನ ಸಾಂದ್ರತೆಯಲ್ಲಿ ಅದು ಹುಳುವಿನಲ್ಲಿ ಸೇರಿಕೊಳ್ಳುತ್ತದೆ, ಕುದಿಸಿದರೂ ಹೋಗುವುದಿಲ್ಲ. ಕಾರ್ಖಾನೆಯ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು, ರಸ್ತೆ ಗುಡಿಸಿದ ಕಸ ಬೆರೆತ ತ್ಯಾಜ್ಯ ಇವನ್ನು ಮೇವಿನ ಘಟಕಕ್ಕೆ ತರಬಾರದು. ಪ್ರಾಣಿಜನ್ಯ ತ್ಯಾಜ್ಯವನ್ನು ಹೊರಗಿಡಬೇಕಾದ ಕಾರಣವೂ ಇಂಥದ್ದೇ. ಪ್ರಿಯಾನ್‌ಗಳಂಥ ರೋಗಕಾರಕಗಳನ್ನು ಹುಳುವಾಗಲಿ ಕುದಿನೀರಾಗಲಿ ನಾಶಪಡಿಸುತ್ತದೆ ಎಂದು ಭರವಸೆ ಇಡುವಂತಿಲ್ಲ. ಇದೇ ಎಚ್ಚರಿಕೆಯಿಂದ ಐರೋಪ್ಯ ಒಕ್ಕೂಟವು 2017ರಲ್ಲಿ ಮೀನಿಗೂ 2021ರಲ್ಲಿ ಕೋಳಿ ಮತ್ತು ಹಂದಿಗೂ ಕೀಟಗಳ ಪ್ರೋಟೀನನ್ನು ಅನುಮತಿಸಿದಾಗಲೂ, ಆ ಕೀಟಗಳಿಗೆ ಹೋಟೆಲ್ ಮತ್ತು ಅಡುಗೆಮನೆಯ ಉಳಿಕೆ, ಸಗಣಿ, ಮಾಂಸದ ತ್ಯಾಜ್ಯಗಳನ್ನು ಉಣಿಸುವುದನ್ನು ನಿಷೇಧಿಸಿಯೇ ಇಟ್ಟಿತು. ದನ, ಕುರಿಗಳಂಥ ಮೆಲುಕು ಹಾಕುವ ಪ್ರಾಣಿಗಳಿಗೆ ಈ ಮೇವನ್ನು ಕೊಡುವಂತಿಲ್ಲ. ಮಾರಾಟಕ್ಕೆ ಇಳಿಯುವವರು ತಮ್ಮಲ್ಲಿನ ಮೇವಿನ ನಿಯಮ ಏನೆಂದು ಮೊದಲೇ ವಿಚಾರಿಸಿಕೊಳ್ಳಬೇಕು. ತರಕಾರಿ, ಹಣ್ಣಿನ ತ್ಯಾಜ್ಯವನ್ನು ಮಾತ್ರ ಪ್ರತ್ಯೇಕವಾಗಿ ಸಂಗ್ರಹಿಸಿದ ದಾಖಲೆ ಇದ್ದರೆ ಆ ವಿಚಾರಣೆ ಸುಲಭವಾಗುತ್ತದೆ.

ಜರಡಿಯಡಿ ಬಿದ್ದ ಹಿಕ್ಕೆಯನ್ನು ಹಾಗೆಯೇ ಗಿಡದ ಬುಡಕ್ಕೆ ಹಾಕಬಾರದು. ಅದರಲ್ಲಿ ಅರ್ಧ ಕೊಳೆತ ಪದಾರ್ಥ ಮತ್ತು ಅಮೋನಿಯಾ ಇನ್ನೂ ಉಳಿದಿರುವುದರಿಂದ ಎಳೆ ಬೇರು ಸುಡುತ್ತದೆ. ಆರಂಭದಲ್ಲಿ ಆರಿಸಿ ತೆಗೆದ ನಾರು, ದಂಟು, ಹಿಂಡಿದ ನೀರು ಇವೆಲ್ಲವುಗಳ ಜೊತೆ ಈ ಹಿಕ್ಕೆಯನ್ನು ಒಂದೇ ರಾಶಿಗೆ ಸೇರಿಸಿ, ಆಗಾಗ ತಿರುವಿಹಾಕುತ್ತ, ರಾಶಿಯ ಒಳಗಿನ ಬಿಸಿ ಪೂರ್ತಿ ಇಳಿದು ಅಮೋನಿಯಾದ ಘಾಟು ಹೋಗುವ ತನಕ ಕೆಲವು ವಾರ ಮಾಗಿಸಿದ ಮೇಲೆಯೇ ಅದು ಗೊಬ್ಬರವಾಗುತ್ತದೆ.